ಎರಡಕ್ಕೂ ಒಂದೇ ಮೊತ್ತ ಕೂಡಿಸಿದಾಗ ಅನುಪಾತ ಏಕೆ ಬದಲಾಗುತ್ತದೆ, ಮೂಲ ಸಂಖ್ಯೆ ಹೇಗೆ ಸಿಗುತ್ತದೆ

ತಂದೆ ಮತ್ತು ಮಗಳ ಈಗಿನ ವಯಸ್ಸುಗಳ ಅನುಪಾತ 5:2. ಹತ್ತು ವರ್ಷಗಳ ಹಿಂದೆ ಅದು 5:1 ಆಗಿತ್ತು. ಇಬ್ಬರ ಈಗಿನ ವಯಸ್ಸು ಎಷ್ಟು?

ಸರ್ಕಾರಿ ಹುದ್ದೆಗಳಿಗೋ ಬ್ಯಾಂಕ್ ಹುದ್ದೆಗಳಿಗೋ ಅಧಿಸೂಚನೆ ಹೊರಬಿದ್ದು, ಹಳೆಯ ಪ್ರಶ್ನೆಪತ್ರಿಕೆಗಳನ್ನು ತಿರುವಿಹಾಕಲು ಕೂತವರಿಗೆ ಈ ಬಗೆಯ ಲೆಕ್ಕ ಬೇಗನೆ ಎದುರಾಗುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಗಣಿತದ ಸಹವಾಸವನ್ನೇ ಬಿಟ್ಟವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಪ್ರಶ್ನೆಯಲ್ಲಿ ಒಂದೇ ಒಂದು ವಯಸ್ಸನ್ನೂ ಕೊಟ್ಟಿಲ್ಲ. ಇರುವುದು ಎರಡು ಅನುಪಾತ ಮತ್ತು ಹತ್ತು ಎಂಬ ಒಂದು ಸಂಖ್ಯೆ. ಇಷ್ಟರಿಂದಲೇ ಇಬ್ಬರ ವಯಸ್ಸನ್ನೂ ಹೇಳಬಹುದು, ಅದಕ್ಕೆ ಬೇಕಾದ ವಿಚಾರವೂ ಒಂದೇ. ಆದರೆ ಅಲ್ಲಿಗೆ ಹೋಗುವ ಮೊದಲು ಅನುಪಾತ ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಚ್ಚಿನವರು ಎಡವುವುದು ಕೂಡುವ ಕಳೆಯುವ ಕೆಲಸದಲ್ಲಿ ಅಲ್ಲ, ಅನುಪಾತವನ್ನು ಓದುವುದರಲ್ಲಿ.

## ಅನುಪಾತ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

5:2 ಎಂದರೆ ತಂದೆಗೆ ಐದು ವರ್ಷ, ಮಗಳಿಗೆ ಎರಡು ವರ್ಷ ಎಂದಲ್ಲ. ತಂದೆಯ ವಯಸ್ಸನ್ನು ಐದು ಸಮ ಪಾಲುಗಳಾಗಿ ಕತ್ತರಿಸಿದರೆ, ಅಂಥದೇ ಗಾತ್ರದ ಎರಡು ಪಾಲು ಮಗಳ ವಯಸ್ಸು ಎಂದರ್ಥ. ಒಂದು ಪಾಲಿನ ಗಾತ್ರ ಎಷ್ಟು ಎಂಬುದರ ಬಗ್ಗೆ ಅನುಪಾತ ಬಾಯಿ ಬಿಡುವುದಿಲ್ಲ. 35 ಮತ್ತು 14 ಕೂಡ 5:2, 40 ಮತ್ತು 16 ಕೂಡ 5:2, 50 ಮತ್ತು 20 ಕೂಡ 5:2. ಪಾಲಿನ ಗಾತ್ರ ಮೊದಲನೆಯದರಲ್ಲಿ 7, ಎರಡನೆಯದರಲ್ಲಿ 8, ಕೊನೆಯದರಲ್ಲಿ 10.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಒಂದೇ ಲೆಕ್ಕದಲ್ಲಿ ಎರಡು ಅನುಪಾತಗಳು ಬಂದಾಗ, ಎರಡರ ಪಾಲುಗಳೂ ಒಂದೇ ಗಾತ್ರದವು ಎಂದುಕೊಳ್ಳಲು ಯಾವ ಆಧಾರವೂ ಇರುವುದಿಲ್ಲ. ಮೇಲಿನ ಪ್ರಶ್ನೆಯಲ್ಲಿ ಇದು ಎದ್ದು ಕಾಣುತ್ತದೆ. ಈಗ 5:2, ಆಗ 5:1. ಎರಡರಲ್ಲಿಯೂ ತಂದೆಯ ಜಾಗದಲ್ಲಿ 5 ಇದೆ. ಹಾಗೆಂದು ಹತ್ತು ವರ್ಷಗಳಲ್ಲಿ ತಂದೆಗೆ ವಯಸ್ಸೇ ಆಗಲಿಲ್ಲವೇ? ಆಗಿದೆ. ಈಗಿನ ಐದು ಪಾಲುಗಳು ದೊಡ್ಡವು, ಆಗಿನ ಐದು ಪಾಲುಗಳು ಚಿಕ್ಕವು, ಅಷ್ಟೇ. ಇದನ್ನು ಗಮನಿಸದೆ 'ಎರಡು ಪಾಲು ಇದ್ದದ್ದು ಒಂದು ಪಾಲಾಗಿದೆ, ಆದ್ದರಿಂದ ಒಂದು ಪಾಲು ಎಂದರೆ ಹತ್ತು ವರ್ಷ' ಎಂದು ತೀರ್ಮಾನಿಸಿದರೆ ತಂದೆಗೆ 50, ಮಗಳಿಗೆ 20 ಎಂಬ ಉತ್ತರ ಬರುತ್ತದೆ. ಹತ್ತು ವರ್ಷ ಹಿಂದಕ್ಕೆ ಹೋಗಿ ನೋಡಿ: 40 ಮತ್ತು 10, ಅಂದರೆ 4:1. ಪ್ರಶ್ನೆ ಕೇಳಿದ್ದು 5:1. ಉತ್ತರ ತಪ್ಪು.

ಅನುಪಾತದ ಅಂಕಿಗಳಿಂದಲೇ ನೇರವಾಗಿ ಹತ್ತನ್ನು ಕಳೆಯಲು ಹೊರಡುವುದು ಮತ್ತೊಂದು ತಪ್ಪು. ಐದು ಪಾಲುಗಳಿಂದ ಹತ್ತು ವರ್ಷ ಕಳೆಯಲು ಬರುವುದಿಲ್ಲ; ಪಾಲು ಬೇರೆ, ವರ್ಷ ಬೇರೆ. ಒಂದು ಪಾಲಿಗೆ ಎಷ್ಟು ವರ್ಷ ಎಂದು ಗೊತ್ತಾದ ಮೇಲಷ್ಟೇ ಅವು ಒಂದರ ಜೊತೆ ಒಂದು ಸೇರುತ್ತವೆ.

## ಒಂದೇ ಮೊತ್ತ, ಆದರೆ ಒಂದೇ ಪರಿಣಾಮವಲ್ಲ

ಇಬ್ಬರಿಗೂ ಸಮನಾಗಿ ಹತ್ತು ವರ್ಷ ಕೂಡಿದೆ. ಸಮನಾಗಿ ಕೂಡಿದ್ದರೂ ಅನುಪಾತ ಏಕೆ ಹಾಗೆಯೇ ಉಳಿಯಲಿಲ್ಲ?

ಅನುಪಾತ ನೋಡುವುದು 'ಎಷ್ಟು ಪಟ್ಟು' ಎಂಬುದನ್ನು. ಆರು ವರ್ಷದ ಮಗುವಿಗೆ ಹತ್ತು ವರ್ಷ ಕೂಡಿದರೆ ಅದರ ವಯಸ್ಸು ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಮೂವತ್ತು ವರ್ಷದವರಿಗೆ ಅದೇ ಹತ್ತು ವರ್ಷ ಕೂಡಿದರೆ ಮೂರನೇ ಒಂದು ಭಾಗವಷ್ಟೇ ಹೆಚ್ಚುತ್ತದೆ. ಕೂಡಿದ್ದು ಒಂದೇ ಆದರೂ ಚಿಕ್ಕ ಸಂಖ್ಯೆಯ ಮೇಲೆ ಅದರ ಪ್ರಭಾವ ಹೆಚ್ಚು. ಹಾಗಾಗಿ ಚಿಕ್ಕದು ದೊಡ್ಡದರ ಹತ್ತಿರಕ್ಕೆ ಸರಿದಂತೆ ತೋರುತ್ತದೆ.

ಇದರಿಂದ ಒಂದು ದಿಕ್ಕು ಸಿಗುತ್ತದೆ. ಎರಡು ಧನ ಸಂಖ್ಯೆಗಳಿಗೆ ಒಂದೇ ಮೊತ್ತ ಕೂಡಿದರೆ ಅನುಪಾತ 1:1ರ ಕಡೆಗೆ ಸರಿಯುತ್ತದೆ. ಒಂದೇ ಮೊತ್ತ ಕಳೆದರೆ 1:1ರಿಂದ ದೂರ ಸರಿಯುತ್ತದೆ. ತಂದೆ ಮಗಳ ಲೆಕ್ಕದಲ್ಲಿ ಹಿಂದಕ್ಕೆ ಹೋದಂತೆ ಎರಡೂವರೆ ಪಟ್ಟು ಇದ್ದದ್ದು ಐದು ಪಟ್ಟಾಯಿತು. ಇನ್ನೂ ಹಿಂದಕ್ಕೆ, ಮಗಳು ಹುಟ್ಟಿದ ವರ್ಷಕ್ಕೆ ಹೋದರೆ ಆ ಪಟ್ಟು ಇಪ್ಪತ್ತನ್ನೂ ದಾಟುತ್ತದೆ. ಮುಂದಕ್ಕೆ ಹೋದಂತೆ ಎರಡು ಪಟ್ಟು, ಒಂದೂವರೆ ಪಟ್ಟು ಎಂದು ಇಳಿಯುತ್ತಾ ಹೋಗುತ್ತದೆ. ಆದರೆ ಎಷ್ಟು ಮುಂದೆ ಹೋದರೂ ಸರಿಯಾಗಿ 1:1 ಆಗುವುದಿಲ್ಲ, ಮಗಳು ತಂದೆಯನ್ನು ಹಿಂದೆ ಹಾಕುವುದಂತೂ ಇಲ್ಲ.

## ಕದಲದೆ ಉಳಿಯುವುದು ಯಾವುದು

ಅಣ್ಣ ತಮ್ಮ ಇಬ್ಬರೂ ಅಂಗಳದಲ್ಲಿ ನಿಂತಿದ್ದಾರೆ, ತಮ್ಮನಿಗಿಂತ ಅಣ್ಣ ಒಂದು ಗೇಣು ಎತ್ತರ ಎಂದುಕೊಳ್ಳಿ. ಇಬ್ಬರೂ ಒಂದೇ ಜಗಲಿಯನ್ನು ಹತ್ತಿ ನಿಂತರೆ ನೆಲದಿಂದ ಇಬ್ಬರ ತಲೆಯ ಎತ್ತರವೂ ಜಗಲಿಯಷ್ಟೇ ಹೆಚ್ಚುತ್ತದೆ. ಅವರ ನಡುವಿನ ಆ ಒಂದು ಗೇಣು ಮಾತ್ರ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಲೆಕ್ಕದಲ್ಲಿ ಬೇಕಾದದ್ದು ಇದೇ. ಎರಡು ಸಂಖ್ಯೆಗಳಿಗೆ ಒಂದೇ ಮೊತ್ತ ಕೂಡಿದಾಗ, ಅಥವಾ ಎರಡರಿಂದಲೂ ಒಂದೇ ಮೊತ್ತ ಕಳೆದಾಗ, ಸಂಖ್ಯೆಗಳು ಬದಲಾಗುತ್ತವೆ, ಅವುಗಳ ಮೊತ್ತ ಬದಲಾಗುತ್ತದೆ, ಅನುಪಾತ ಬದಲಾಗುತ್ತದೆ. ವ್ಯತ್ಯಾಸ ಬದಲಾಗುವುದಿಲ್ಲ. ತಂದೆ ಮಗಳ ನಡುವೆ ಇಂದು ಎಷ್ಟು ವರ್ಷಗಳ ಅಂತರವಿದೆಯೋ ಹತ್ತು ವರ್ಷಗಳ ಹಿಂದೆಯೂ ಅಷ್ಟೇ ಇತ್ತು.

ಎರಡು ಅನುಪಾತಗಳ ಪಾಲುಗಳು ಬೇರೆ ಬೇರೆ ಗಾತ್ರದವು ಎಂಬುದೇ ನಮ್ಮ ತೊಡಕಾಗಿತ್ತು. ಅವೆರಡನ್ನೂ ಒಂದೇ ಅಳತೆಗೆ ತರಬೇಕಾದರೆ ಎರಡು ಸಂದರ್ಭಗಳಲ್ಲಿಯೂ ಸಮನಾಗಿರುವ ಯಾವುದಾದರೂ ಒಂದು ಬೇಕು. ವ್ಯತ್ಯಾಸ ಅಂಥದ್ದು.

## ತಂದೆ ಮಗಳ ಲೆಕ್ಕ, ಹಂತ ಹಂತವಾಗಿ

ಈಗಿನ ಅನುಪಾತ 5:2. ವ್ಯತ್ಯಾಸ 3 ಪಾಲು. ಹಿಂದಿನ ಅನುಪಾತ 5:1. ವ್ಯತ್ಯಾಸ 4 ಪಾಲು. ನಿಜವಾದ ವ್ಯತ್ಯಾಸ ಎರಡು ಕಡೆಯೂ ಒಂದೇ ಎಂದು ಗೊತ್ತಿದೆ. ಅಂದರೆ ಈಗಿನ ಮೂರು ಪಾಲುಗಳೂ ಆಗಿನ ನಾಲ್ಕು ಪಾಲುಗಳೂ ಸಮ. ಆಗಿನ ಪಾಲು ಚಿಕ್ಕದು ಎಂದು ಮೊದಲೇ ಊಹಿಸಿದ್ದೆವಲ್ಲ, ಅದು ಇಲ್ಲಿ ಖಚಿತವಾಯಿತು.

ಈಗ ಎರಡನ್ನೂ ಇನ್ನಷ್ಟು ಸಣ್ಣ ಪಾಲುಗಳಾಗಿ ಕತ್ತರಿಸಿ ವ್ಯತ್ಯಾಸವನ್ನು ಒಂದೇ ಸಂಖ್ಯೆಗೆ ತರೋಣ. 3 ಮತ್ತು 4ರ ಲಸಾಅ 12. ಮೊದಲ ಅನುಪಾತವನ್ನು 4ರಿಂದ ಗುಣಿಸಿದರೆ 5:2 ಎಂಬುದು 20:8 ಆಗುತ್ತದೆ, ವ್ಯತ್ಯಾಸ 12. ಎರಡನೆಯದನ್ನು 3ರಿಂದ ಗುಣಿಸಿದರೆ 5:1 ಎಂಬುದು 15:3 ಆಗುತ್ತದೆ, ವ್ಯತ್ಯಾಸ 12. ಅನುಪಾತದ ಎರಡೂ ಕಡೆಯನ್ನು ಒಂದೇ ಸಂಖ್ಯೆಯಿಂದ ಗುಣಿಸಿದ್ದರಿಂದ ಅನುಪಾತಗಳೇನೂ ಬದಲಾಗಲಿಲ್ಲ; ಆದರೆ ಈಗ ಎರಡರ ಪಾಲುಗಳೂ ಒಂದೇ ಗಾತ್ರದವು.

ಇನ್ನು ನೇರವಾಗಿ ಹೋಲಿಸಬಹುದು. ತಂದೆ ಈಗ 20 ಪಾಲು, ಆಗ 15 ಪಾಲು. ಇಳಿದದ್ದು 5 ಪಾಲು. ಮಗಳು ಈಗ 8 ಪಾಲು, ಆಗ 3 ಪಾಲು. ಅಲ್ಲಿಯೂ ಇಳಿದದ್ದು 5 ಪಾಲು. ಎರಡು ಕಡೆಯೂ ಇಳಿತ ಒಂದೇ ಬಂದಿದೆ ಎಂದರೆ ಇಲ್ಲಿಯವರೆಗಿನ ಕೆಲಸ ಸರಿಯಾಗಿದೆ. ಒಂದು ವೇಳೆ ಇಲ್ಲಿ ಎರಡು ಬೇರೆ ಸಂಖ್ಯೆಗಳು ಬಂದರೆ ಗುಣಿಸುವಾಗ ಎಲ್ಲೋ ಕೈತಪ್ಪಿದೆ ಎಂದು ತಿಳಿದು ಅಲ್ಲಿಯೇ ನಿಲ್ಲಬಹುದು.

ಈ 5 ಪಾಲುಗಳ ಇಳಿತವೇ ಹತ್ತು ವರ್ಷ. ಒಂದು ಪಾಲಿಗೆ 2 ವರ್ಷ. ತಂದೆಗೆ 20 × 2 = 40, ಮಗಳಿಗೆ 8 × 2 = 16. ಹತ್ತು ವರ್ಷಗಳ ಹಿಂದೆ 30 ಮತ್ತು 6, ಅಂದರೆ 5:1. ಅಂತರ ಆಗಲೂ ಈಗಲೂ 24.

ಪ್ರಶ್ನೆಯಲ್ಲಿ ನಾಲ್ಕು ಆಯ್ಕೆಗಳನ್ನು ಕೊಟ್ಟಿದ್ದರೆ ಇಷ್ಟನ್ನೂ ಮಾಡಬೇಕಾಗಿಲ್ಲ. ವಯಸ್ಸುಗಳೆಲ್ಲ ಪೂರ್ಣ ವರ್ಷಗಳಲ್ಲಿ ಇದ್ದರೆ, ಅಂತರವನ್ನು ಮೂರು ಪಾಲಾಗಿಯೂ ನಾಲ್ಕು ಪಾಲಾಗಿಯೂ ಹಂಚಲು ಬರಬೇಕು. ಅಂದರೆ ಅದು 12ರಿಂದ ಭಾಗವಾಗಬೇಕು. ಆಯ್ಕೆಗಳು 35 ಮತ್ತು 14, 40 ಮತ್ತು 16, 45 ಮತ್ತು 18, 50 ಮತ್ತು 20 ಎಂದಿದ್ದರೆ ನಾಲ್ಕೂ 5:2ರಲ್ಲಿಯೇ ಇವೆ, ಹಾಗಾಗಿ ಆ ಅನುಪಾತವನ್ನು ನೋಡಿ ಏನೂ ಗೊತ್ತಾಗುವುದಿಲ್ಲ. ಅಂತರಗಳು ಕ್ರಮವಾಗಿ 21, 24, 27, 30. ಇವುಗಳಲ್ಲಿ 12ರಿಂದ ಭಾಗವಾಗುವುದು 24 ಒಂದೇ.

## ಸಮೀಕರಣದ ದಾರಿ

ಶಾಲೆಯಲ್ಲಿ ಸಾಮಾನ್ಯವಾಗಿ ಕಲಿಸುವುದು ಬೀಜಗಣಿತದ ದಾರಿಯನ್ನು. ಈಗಿನ ಒಂದು ಪಾಲಿನ ಗಾತ್ರ `x` ಎಂದಿಟ್ಟುಕೊಂಡರೆ ಇಬ್ಬರ ವಯಸ್ಸು `5x` ಮತ್ತು `2x`. ಹತ್ತು ವರ್ಷಗಳ ಹಿಂದೆ `5x − 10` ಮತ್ತು `2x − 10`. ಇವುಗಳ ಅನುಪಾತ 5:1 ಎಂದು ಬರೆದು ಓರೆ ಗುಣಾಕಾರ ಮಾಡಬೇಕು:

```
(5x − 10) × 1 = 5 × (2x − 10)
5x − 10 = 10x − 50
40 = 5x
x = 8
```

ತಂದೆಗೆ 5 × 8 = 40, ಮಗಳಿಗೆ 2 × 8 = 16. ಉತ್ತರ ಒಂದೇ. ಇಲ್ಲಿ `x` ಎಂಬುದು 8, ಮೇಲೆ ಒಂದು ಪಾಲು 2 ವರ್ಷ ಎಂದು ಬಂದಿತ್ತು. ಇದರಲ್ಲಿ ವಿರೋಧವೇನೂ ಇಲ್ಲ. ಅಲ್ಲಿ ಪ್ರತಿ ಪಾಲನ್ನೂ ನಾಲ್ಕಾಗಿ ಕತ್ತರಿಸಿದ್ದೆವು.

ಎರಡನೆಯ ಸಾಲಿನಲ್ಲಿ ಆವರಣ ಬಿಡಿಸುವಾಗ ತಪ್ಪಾಗುವುದು ಹೆಚ್ಚು. ಐದನ್ನು `2x`ಗೆ ಮಾತ್ರ ಗುಣಿಸಿ, ಹತ್ತನ್ನು ಹಾಗೆಯೇ ಬಿಟ್ಟು `5x − 10 = 10x − 10` ಎಂದು ಬರೆದುಬಿಡುತ್ತಾರೆ. ಆಗ `x` ಸೊನ್ನೆಯಾಗುತ್ತದೆ. ಮೂಲ ಸಂಖ್ಯೆಗಳು ಸೊನ್ನೆ ಎಂದು ಬಂದರೆ ಮೊದಲು ತಿರುಗಿ ನೋಡಬೇಕಾದ ಜಾಗ ಇದು.

ಇದನ್ನೇ ಸೂತ್ರವಾಗಿ ಬರೆಯಬಹುದು. ಮೊದಲ ಅನುಪಾತ `a:b`, ಎರಡಕ್ಕೂ `k` ಕೂಡಿದ ಮೇಲಿನ ಅನುಪಾತ `c:d` ಆದರೆ,

```
x = k(c − d) / (ad − bc)
```

ಮೂಲ ಸಂಖ್ಯೆಗಳು `ax` ಮತ್ತು `bx`. ಕಳೆಯುವ ಲೆಕ್ಕವಾದರೆ `k`ಯ ಜಾಗದಲ್ಲಿ ಋಣ ಸಂಖ್ಯೆ ಹಾಕಬೇಕು. ಸೂತ್ರ ಸರಿಯಾಗಿಯೇ ಇದೆ, ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಈ ಋಣ ಚಿಹ್ನೆ ಮರೆತುಹೋಗುವುದು ಬಲು ಸುಲಭ. ವ್ಯತ್ಯಾಸದ ದಾರಿಯಲ್ಲಿ ಚಿಹ್ನೆಯ ಗೊಡವೆಯೇ ಇಲ್ಲ. ಪಾಲು ಏರಿತೋ ಇಳಿಯಿತೋ ಕಣ್ಣಿಗೇ ಕಾಣುತ್ತದೆ. ನನಗೆ ಅದೇ ಹೆಚ್ಚು ನಂಬಿಕೆಯ ದಾರಿಯಾಗಿ ಕಾಣುತ್ತದೆ.

## ಅದೇ ಲೆಕ್ಕ, ಬೇರೆ ವೇಷದಲ್ಲಿ

ಇಬ್ಬರು ನೌಕರರ ತಿಂಗಳ ಆದಾಯದ ಅನುಪಾತ 8:5. ಅವರ ಖರ್ಚಿನ ಅನುಪಾತ 5:3. ಇಬ್ಬರೂ ತಿಂಗಳಿಗೆ ತಲಾ 3,000 ರೂಪಾಯಿ ಉಳಿಸುತ್ತಾರೆ. ಆದಾಯ ಎಷ್ಟು?

ಇಲ್ಲಿ ಕೂಡಿದರು, ಕಳೆದರು ಎಂಬ ಮಾತೇ ಇಲ್ಲ. ಆದರೆ ಆದಾಯದಿಂದ ಉಳಿತಾಯವನ್ನು ತೆಗೆದರೆ ಉಳಿಯುವುದೇ ಖರ್ಚು. ಇಬ್ಬರ ಉಳಿತಾಯವೂ ಸಮ. ಆದ್ದರಿಂದ ಇದು 8:5ರಲ್ಲಿರುವ ಎರಡು ಸಂಖ್ಯೆಗಳಿಂದ 3,000ವನ್ನು ಕಳೆದಾಗ 5:3 ಆಗುವ ಲೆಕ್ಕ. ವ್ಯತ್ಯಾಸಗಳು 3 ಮತ್ತು 2, ಎರಡನ್ನೂ 6ಕ್ಕೆ ತಂದರೆ 16:10 ಮತ್ತು 15:9. ಇಳಿದದ್ದು ಒಂದು ಪಾಲು, ಅದೇ 3,000. ಆದಾಯ 48,000 ಮತ್ತು 30,000. ಖರ್ಚು 45,000 ಮತ್ತು 27,000.

ಉಳಿತಾಯ ಸಮನಾಗಿಲ್ಲದಿದ್ದರೆ ಈ ದಾರಿ ಮುಚ್ಚಿದಂತೆಯೇ. ಒಬ್ಬರು 3,000, ಇನ್ನೊಬ್ಬರು 4,000 ಉಳಿಸಿದರೆ ಆದಾಯದ ಅಂತರವೂ ಖರ್ಚಿನ ಅಂತರವೂ ಬೇರೆ ಬೇರೆ. ಆಗ ಸಮೀಕರಣವೇ ಗತಿ.

## ಎಷ್ಟು ಕೂಡಬೇಕು ಎಂದು ಕೇಳಿದರೆ

ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು: ಮೂಲ ಸಂಖ್ಯೆಗಳು ಗೊತ್ತಿವೆ, ಅನುಪಾತ ಇಷ್ಟಾಗಲು ಎರಡಕ್ಕೂ ಎಷ್ಟು ಕೂಡಬೇಕು? ಇದು ಬಹಳ ಹಳೆಯ ಪ್ರಶ್ನೆ. ಪುರಾತನ ಅಲೆಕ್ಸಾಂಡ್ರಿಯಾದ ಗಣಿತಜ್ಞ ಡಯೊಫ್ಯಾಂಟಸ್ ತನ್ನ 'ಅರಿತ್‌ಮೆಟಿಕಾ' ಎಂಬ ಗ್ರಂಥದ ಮೊದಲ ಭಾಗದಲ್ಲಿ ಇದನ್ನು ಎತ್ತಿಕೊಂಡಿದ್ದಾನೆ. ಅವನು ತೆಗೆದುಕೊಂಡ ಸಂಖ್ಯೆಗಳು 100 ಮತ್ತು 20. ಎರಡಕ್ಕೂ ಒಂದೇ ಸಂಖ್ಯೆಯನ್ನು ಕೂಡಿ ದೊಡ್ಡದು ಚಿಕ್ಕದರ ಮೂರು ಪಟ್ಟಾಗಬೇಕು.

ವ್ಯತ್ಯಾಸ 80, ಕೂಡಿದ ಮೇಲೆಯೂ 80. ಅನುಪಾತ 3:1 ಆದಾಗ ವ್ಯತ್ಯಾಸ ಎರಡು ಪಾಲು. ಒಂದು ಪಾಲು 40. ಸಂಖ್ಯೆಗಳು 120 ಮತ್ತು 40 ಆಗಬೇಕು, ಅಂದರೆ ಕೂಡಬೇಕಾದದ್ದು 20. ಮುಂದಿನ ಲೆಕ್ಕದಲ್ಲಿ ಅವೇ ಎರಡು ಸಂಖ್ಯೆಗಳಿಂದ ಒಂದೇ ಸಂಖ್ಯೆಯನ್ನು ಕಳೆದು ಆರು ಪಟ್ಟು ಮಾಡಬೇಕು. ವ್ಯತ್ಯಾಸ ಐದು ಪಾಲು, ಒಂದು ಪಾಲು 16, ಸಂಖ್ಯೆಗಳು 96 ಮತ್ತು 16, ಕಳೆಯಬೇಕಾದದ್ದು 4.

ಡಯೊಫ್ಯಾಂಟಸ್ ಈ ಲೆಕ್ಕಗಳಿಗೆ ಒಂದೊಂದು ಷರತ್ತನ್ನೂ ಹಾಕುತ್ತಾನೆ. ಕೂಡುವ ಲೆಕ್ಕದಲ್ಲಿ ಬೇಕಾದ ಪಟ್ಟು ಈಗಿರುವುದಕ್ಕಿಂತ ಕಡಿಮೆ ಇರಬೇಕು. ಕಳೆಯುವ ಲೆಕ್ಕದಲ್ಲಿ ಹೆಚ್ಚಿರಬೇಕು. 100 ಮತ್ತು 20 ಈಗಾಗಲೇ ಐದು ಪಟ್ಟು. ಹಾಗಾಗಿ ಕೂಡಿ ಮೂರು ಪಟ್ಟಿಗೆ ಇಳಿಸಬಹುದು, ಕಳೆದು ಆರು ಪಟ್ಟಿಗೆ ಏರಿಸಬಹುದು. ಕೂಡಿ ಆರು ಪಟ್ಟಿಗೆ ಏರಿಸಲಾಗದು. ಋಣ ಸಂಖ್ಯೆಯನ್ನು ಉತ್ತರವೆಂದು ಅವನು ಒಪ್ಪುತ್ತಿರಲಿಲ್ಲ, ಆದ್ದರಿಂದ ಈ ಷರತ್ತು ಅವನಿಗೆ ಅನಿವಾರ್ಯವಾಗಿತ್ತು. 1:1ರ ಕಡೆಗೆ ಸರಿಯುವ ದಿಕ್ಕಿನ ಬಗ್ಗೆ ಮೇಲೆ ನೋಡಿದ ವಿಷಯವೇ ಇದು.

ಇಂದಿನ ಅಭ್ಯಾಸ ಪುಸ್ತಕಗಳಲ್ಲಿ ಈ ಷರತ್ತನ್ನು ಮೀರಿದ ಪ್ರಶ್ನೆ ಕಣ್ಣಿಗೆ ಬಿದ್ದರೆ ಗುರುತಿಸುವುದು ಕಷ್ಟವಲ್ಲ. 'ಎರಡು ಸಂಖ್ಯೆಗಳ ಅನುಪಾತ 4:3. ಎರಡಕ್ಕೂ 5 ಕೂಡಿದರೆ 3:2 ಆಗುತ್ತದೆ' ಎಂದು ಕೇಳಿದ್ದಾರೆ ಎಂದುಕೊಳ್ಳಿ. 4:3 ಎಂದರೆ ಒಂದೂಕಾಲಿಗಿಂತ ಸ್ವಲ್ಪ ಹೆಚ್ಚು ಪಟ್ಟು, 3:2 ಎಂದರೆ ಒಂದೂವರೆ ಪಟ್ಟು. ಕೂಡಿದ ಮೇಲೆ ಪಟ್ಟು ಏರಿದೆ, ದಿಕ್ಕು ತಪ್ಪಿದೆ. ಸಮೀಕರಣ ಮಾತ್ರ ಅಳುಕದೆ `x = −5` ಎಂದು ಉತ್ತರ ಕೊಡುತ್ತದೆ. ಸಂಖ್ಯೆಗಳು −20 ಮತ್ತು −15. ಐದು ಕೂಡಿದರೆ −15 ಮತ್ತು −10, ಅನುಪಾತ 3:2. ಸಂಖ್ಯೆಗಳಾಗಿ ಇವು ಸರಿ. ವಯಸ್ಸೋ ಹಣ್ಣುಗಳೋ ಆಗಿದ್ದರೆ ಅಚ್ಚಿನ ತಪ್ಪಿದೆ ಎಂದುಕೊಳ್ಳಬೇಕು, ಬಹುಶಃ 'ಕಳೆದರೆ' ಎಂದಿರಬೇಕಾದಲ್ಲಿ 'ಕೂಡಿದರೆ' ಎಂದಾಗಿದೆ.

## ನೋಡಲು ಹಾಗೆಯೇ ಇದ್ದು ಬೇರೆಯಾಗಿರುವ ಲೆಕ್ಕಗಳು

ವ್ಯತ್ಯಾಸ ಉಳಿಯುವುದು ಎರಡೂ ಕಡೆ ಒಂದೇ ದಿಕ್ಕಿನಲ್ಲಿ ಒಂದೇ ಮೊತ್ತ ಬದಲಾದಾಗ ಮಾತ್ರ. ಹಾಲು ನೀರಿನ ಲೆಕ್ಕದಲ್ಲಿ ಇದನ್ನು ಮರೆಯುವವರು ಬಹಳ. ಹಾಲು ಮತ್ತು ನೀರು 5:3ರಲ್ಲಿರುವ 40 ಲೀಟರ್ ಮಿಶ್ರಣದಿಂದ 8 ಲೀಟರ್ ತೆಗೆದರೆ, ಎರಡರಿಂದಲೂ ನಾಲ್ಕು ನಾಲ್ಕು ಲೀಟರ್ ಹೋಗುವುದಿಲ್ಲ. ಚೆನ್ನಾಗಿ ಬೆರೆತ ಮಿಶ್ರಣವಾದ್ದರಿಂದ ಹೋಗುವುದೂ 5:3ರಲ್ಲಿಯೇ, ಅಂದರೆ 5 ಲೀಟರ್ ಹಾಲು, 3 ಲೀಟರ್ ನೀರು. ಪಾತ್ರೆಯಲ್ಲಿ ಉಳಿದದ್ದು 20 ಮತ್ತು 12, ಮತ್ತೆ 5:3. ಇಲ್ಲಿ ವ್ಯತ್ಯಾಸ ಬದಲಾಯಿತು, ಅನುಪಾತ ಉಳಿಯಿತು. ಸಂಬಳ ಶೇಕಡಾವಾರು ಏರಿದಾಗಲೂ ಹೀಗೆಯೇ: ಇಬ್ಬರಿಗೂ ಶೇ. 10 ಹೆಚ್ಚಿಸಿದರೆ ಅನುಪಾತ ಕದಲುವುದಿಲ್ಲ, ಅಂತರ ಹಿಗ್ಗುತ್ತದೆ. ಇಬ್ಬರಿಗೂ ತಲಾ 2,000 ರೂಪಾಯಿ ಹೆಚ್ಚಿಸಿದರೆ ಅಂತರ ಹಾಗೆಯೇ ಉಳಿದು ಅನುಪಾತ ತಗ್ಗುತ್ತದೆ.

ಒಬ್ಬರು ಇನ್ನೊಬ್ಬರಿಗೆ ಕೊಡುವ ಲೆಕ್ಕದಲ್ಲಿ ಉಳಿಯುವುದು ಮೊತ್ತ. ಇಬ್ಬರ ಬಳಿ ಇರುವ ಹಣ 5:3ರಲ್ಲಿದೆ, ಮೊದಲನೆಯವರು ಎರಡನೆಯವರಿಗೆ 10 ರೂಪಾಯಿ ಕೊಟ್ಟರೆ ಸಮವಾಗುತ್ತದೆ ಎಂದರೆ, ವ್ಯತ್ಯಾಸವನ್ನು ಬಿಟ್ಟು ಮೊತ್ತಗಳನ್ನು ಹೊಂದಿಸಬೇಕು. 5:3ರ ಮೊತ್ತ 8, 1:1 ಎಂಬುದನ್ನು 4:4 ಎಂದು ಬರೆದರೆ ಅದರ ಮೊತ್ತವೂ 8. ಕೈಬದಲಾದದ್ದು ಒಂದು ಪಾಲು. ಇದ್ದದ್ದು 50 ಮತ್ತು 30.

ಉತ್ತರ ಅಪೂರ್ಣಾಂಕವಾಗಿ ಬಂದಾಗ ಏನು ಮಾಡಬೇಕು ಎಂಬುದು ಲೆಕ್ಕದ ವಸ್ತುವನ್ನು ನೋಡಿ ನಿರ್ಧರಿಸಬೇಕಾದ ವಿಷಯ. 3:5ರಲ್ಲಿರುವ ಎರಡರಲ್ಲಿ ಪ್ರತಿಯೊಂದಕ್ಕೂ 5 ಕೂಡಿದಾಗ 5:7 ಆಗುತ್ತದೆ ಎಂದರೆ, ವ್ಯತ್ಯಾಸ ಎರಡು ಕಡೆಯೂ 2 ಪಾಲು, ಏರಿದ್ದು 2 ಪಾಲು, ಒಂದು ಪಾಲು ಎರಡೂವರೆ. ಮೂಲ ಸಂಖ್ಯೆಗಳು 7.5 ಮತ್ತು 12.5. ಲೀಟರ್, ಕಿಲೋ, ರೂಪಾಯಿ ಆದರೆ ಇದು ಒಪ್ಪತಕ್ಕ ಉತ್ತರ. ತರಗತಿಯ ಹುಡುಗರು ಹುಡುಗಿಯರ ಸಂಖ್ಯೆಯಾಗಿದ್ದರೆ, ಪ್ರಶ್ನೆಯ ಅಂಕಿಗಳನ್ನು ಇನ್ನೊಮ್ಮೆ ಓದಿ ನೋಡಬೇಕು. ಆಗಲೂ ಅವೇ ಅಂಕಿಗಳಿದ್ದರೆ ಅಂಥ ತರಗತಿ ಇರಲು ಸಾಧ್ಯವಿಲ್ಲ.